ದೀಪಾವಳಿ ಸೇಲ್ ಮೇಲ್ ಸ್ಪ್ಯಾಮ್‌ಗೆ ಬೀಳುತ್ತಿತ್ತು: ಸರಿಯಾದದ್ದು ಹೀಗೆ

ಲಕ್ಷಣ: ಸೀರೆ ಸೇಲ್‌ನ ಮೇಲ್ ಜಿಮೇಲ್‌ನಲ್ಲಿ ನೇರ ಸ್ಪ್ಯಾಮ್‌ಗೆ ಹೋಗುತ್ತಿತ್ತು. ಸಬ್ಜೆಕ್ಟ್ ಹೀಗಿತ್ತು: "ದೀಪಾವಳಿ ಧಮಾಕಾ!!! 🔥🔥 50% ರಿಯಾಯಿತಿ, ಇಂದೇ ಕೊನೆ".

ಉಪಯೋಗಕ್ಕೆ ಬಾರದ್ದು: ಮೇಲ್‌ನ ಒಳಗಿನ "ಉಚಿತ" ಪದ ತೆಗೆದದ್ದು, ಆಶ್ಚರ್ಯಸೂಚಕ ಕಡಿಮೆ ಮಾಡಿದ್ದು, "ಉ.ಚಿ.ತ" ಎಂದು ಒಡೆದು ಬರೆದದ್ದು. ಕೊನೆಯದನ್ನಂತೂ ಮಾಡಲೇಬೇಡಿ, ಅದು ಸ್ಪ್ಯಾಮರ್‌ಗಳದೇ ಹಳೇ ಚಾಳಿ. ಸಬ್ಜೆಕ್ಟ್‌ನ ಮುಂದೆ `Re:` ಸೇರಿಸುವುದೂ ಅಷ್ಟೇ. ಮೋಸ ಅನ್ನಿಸಿದವರು ಸ್ಪ್ಯಾಮ್ ಒತ್ತುತ್ತಾರೆ.

ಕೆಲಸ ಮಾಡಿದ ಕ್ರಮ: ಪದ ಮುಟ್ಟುವ ಮೊದಲು ಒಂದು ಮೇಲ್ ನಿಮಗೇ ಕಳಿಸಿ, ಜಿಮೇಲ್‌ನಲ್ಲಿ `Show original` ತೆರೆಯಿರಿ. ಮೇಲ್ ನಿಜಕ್ಕೂ ನಿಮ್ಮ ಡೊಮೇನ್‌ನಿಂದಲೇ ಬಂದಿದೆಯೇ ಎಂದು ಪರೀಕ್ಷಿಸುವ `SPF`, `DKIM`, `DMARC` ಮೂರರ ಎದುರೂ `PASS` ಇರಬೇಕು. ಇಲ್ಲಿ `DKIM` ಫೇಲ್ ಆಗಿತ್ತು. ಮೇಲ್ ಸೇವೆ ಕೊಟ್ಟ ಕೀಲಿಯನ್ನು ಡೊಮೇನ್‌ನ ಡಿಎನ್ಎಸ್‌ಗೆ ಸೇರಿಸಬೇಕಾಯಿತು. ಇದು ಸರಿಯಾಗದೆ ಎಂಥ ಸಬ್ಜೆಕ್ಟ್ ಬರೆದರೂ ದಂಡ.

ಆಮೇಲೆ ಸಬ್ಜೆಕ್ಟ್: "ಹಬ್ಬಕ್ಕೆ ಇಳಕಲ್ ಸೀರೆ, ಪಾಡ್ಯದವರೆಗೆ 50% ಕಡಿಮೆ". ಮೊಬೈಲ್‌ನಲ್ಲಿ ಬಾಲ ಕತ್ತರಿಸಿಹೋಗುತ್ತದೆ, ಹಾಗಾಗಿ ವಸ್ತುವಿನ ಹೆಸರು ಮುಂದೆ. "ಇಂದೇ ಕೊನೆ" ಬದಲು ಬಲಿಪಾಡ್ಯಮಿ ಎಂದರೆ ಗಡುವೂ ನಿಜ, ಮನೆಮಾತಿನ ಆಪ್ತತೆಯೂ ಬರುತ್ತದೆ. ಇನ್‌ಬಾಕ್ಸ್‌ನಲ್ಲಿ ಸಬ್ಜೆಕ್ಟ್ ಜೊತೆ ಕಾಣುವ ಸಾಲಾದ ಪ್ರೀಹೆಡರ್‌ನಲ್ಲಿ ಅದನ್ನೇ ಮತ್ತೆ ಹೇಳದೆ, "ಎಣ್ಣೆಸ್ನಾನದ ದಿನ ಉಡಲು ಬೇಕಿದ್ದರೆ ನೀರು ತುಂಬುವ ಹಬ್ಬಕ್ಕೆ ಐದು ದಿನ ಮೊದಲೇ ಆರ್ಡರ್ ಮಾಡಿ" ಎಂದು ಹಾಕಿ. ದೀಪದ ಎಮೋಜಿ ಒಂದು ಸಾಕು, ಅದೂ ಕೊನೆಯಲ್ಲಿ.

ಕಳಿಸುವಾಗ ಮೊದಲು ಇತ್ತೀಚೆಗೆ ಕೊಂಡವರಿಗೆ, ಎರಡು ದಿನ ಬಿಟ್ಟು, ದೂರಿನ ಲೆಕ್ಕ ನೋಡಿಕೊಂಡು ಉಳಿದವರಿಗೆ. ವರ್ಷದಿಂದ ಮೇಲ್ ತೆರೆಯದವರನ್ನು ಬಿಟ್ಟುಬಿಡಿ. ಜಿಮೇಲ್‌ಗೆ ಹೋದ ಮೇಲ್‌ಗಳ ಲೆಕ್ಕ ತೋರಿಸುವ ಗೂಗಲ್‌ನ ಪೋಸ್ಟ್‌ಮಾಸ್ಟರ್ ಟೂಲ್ಸ್‌ನಲ್ಲಿ ಸ್ಪ್ಯಾಮ್ ದೂರು 0.1%ಗಿಂತ ಕೆಳಗಿರಲಿ, 0.3% ಮುಟ್ಟಿದರೆ ಎರಡನೇ ಕಂತು ನಿಲ್ಲಿಸಿ. ಪ್ರೊಮೋಷನ್ಸ್ ಟ್ಯಾಬ್‌ಗೆ ಬಿದ್ದರೆ ಚಿಂತೆ ಬೇಡ, ಅದು ಸ್ಪ್ಯಾಮ್ ಅಲ್ಲ.