ಆರು ತಿಂಗಳ ಖರ್ಚಿನ ಹಣ ಕೂಡಿಡಲು ಎಷ್ಟು ದಿನ ಬೇಕು? ಲೆಕ್ಕ ಹಾಕುವುದು ಹೀಗೆ

ತುರ್ತು ನಿಧಿ ಅಂದರೆ ಸಂಬಳ ನಿಂತರೂ ಆರು ತಿಂಗಳು ಮನೆ ನಡೆಯುವಷ್ಟು ಹಣ. ಅದು ಕೂಡಲು ಎಷ್ಟು ದಿನ ಬೇಕು ಎಂಬುದು ಸಂಬಳ ಎಷ್ಟಿದೆ ಎನ್ನುವುದರ ಮೇಲೆ ನಿಂತಿಲ್ಲ. ಸಂಬಳದಲ್ಲಿ ಶೇಕಡ ಎಷ್ಟು ಉಳಿಯುತ್ತದೆ ಎನ್ನುವುದೇ ಮುಖ್ಯ. ಕೈಗೆ ಬಂದದ್ದರಲ್ಲಿ ಶೇ 10 ಉಳಿಸುವವರಿಗೆ 54 ತಿಂಗಳು ಬೇಕು, ಅಂದರೆ ನಾಲ್ಕೂವರೆ ವರ್ಷ. ಶೇ 20 ಉಳಿಸಿದರೆ 24 ತಿಂಗಳು. ಶೇ 30 ಆದರೆ 14 ತಿಂಗಳು ಸಾಕು. ಸಂಬಳ 20 ಸಾವಿರ ಇರಲಿ, 2 ಲಕ್ಷ ಇರಲಿ, ಈ ಲೆಕ್ಕ ಬದಲಾಗುವುದಿಲ್ಲ.

ಒಂದು ವಿಷಯ ಗಮನಿಸಿ. ಉಳಿತಾಯ ಎರಡು ಪಟ್ಟಾದರೆ ಸಮಯ ಅರ್ಧಕ್ಕೆ ಇಳಿಯಬೇಕಿತ್ತು, 54ರ ಅರ್ಧ 27. ಆದರೆ ಇಲ್ಲಿ 24ಕ್ಕೆ ಇಳಿದಿದೆ. ಯಾಕೆಂದರೆ ಉಳಿತಾಯ ಜಾಸ್ತಿ ಮಾಡಿದವರ ಖರ್ಚು ಕಡಿಮೆಯಾಗಿರುತ್ತದೆ. ಖರ್ಚು ಕಡಿಮೆಯಾದರೆ ಕೂಡಿಡಬೇಕಾದ ಮೊತ್ತವೂ ಸಣ್ಣದಾಗುತ್ತದೆ. ನಿಮ್ಮ ಮನೆಯ ಲೆಕ್ಕ ಹಾಕುವಾಗ ಇದನ್ನು ನೆನಪಿಡಿ, ಮುಂದೆ ಇದೇ ಕೆಲಸಕ್ಕೆ ಬರುತ್ತದೆ.

ಈಗ ತುಮಕೂರಿನಂಥ ಊರಿನಲ್ಲಿರುವ ಒಂದು ಮನೆಯನ್ನು ಊಹಿಸಿಕೊಳ್ಳೋಣ. ದುಡಿಯುವವರು ಒಬ್ಬರೇ, ಶಾಲೆಗೆ ಹೋಗುವ ಒಂದು ಮಗು. ಕೈಗೆ ಬರುವ ಸಂಬಳ 40,000 ರೂಪಾಯಿ. ಬಾಡಿಗೆ 9,000. ದಿನಸಿ, ಹಾಲು, ತರಕಾರಿ, ಗ್ಯಾಸ್ ಸೇರಿ 9,500. ಶಾಲೆಯ ಫೀಸು ಮತ್ತು ವ್ಯಾನಿಗೆ 4,000. ಬೈಕ್ ಸಾಲದ ಕಂತು 3,500. ಕರೆಂಟು, ನೀರು, ಮೊಬೈಲಿಗೆ 1,500. ಪೆಟ್ರೋಲಿಗೆ 2,000. ಔಷಧಿ ಮತ್ತು ವಿಮೆಗೆ 1,500. ಹೋಟೆಲು, ಬಟ್ಟೆ, ಮದುವೆ ಮುಯ್ಯಿಗೆ 3,000. ಒಟ್ಟು 34,000 ಹೋಗಿ 6,000 ಉಳಿಯುತ್ತದೆ, ಅಂದರೆ ಶೇ 15.

ಮೊದಲ ಹೆಜ್ಜೆ: ಗುರಿ ಎಷ್ಟು?

34,000ವನ್ನು ಆರರಿಂದ ಗುಣಿಸಿದರೆ 2,04,000. ಆದರೆ ಕೆಲಸ ಹೋದ ಮೇಲೂ ಯಾರೂ ಮೊದಲಿನಂತೆ ಹೋಟೆಲಿಗೆ ಹೋಗುವುದಿಲ್ಲ, ದಿನಾ ಆಫೀಸಿಗೆ ಬೈಕ್ ಓಡಿಸುವುದಿಲ್ಲ. ಹೋಟೆಲು-ಬಟ್ಟೆಯ 3,000 ಮತ್ತು ಅರ್ಧ ಪೆಟ್ರೋಲಿನ 1,000 ತೆಗೆದುಬಿಡಿ. ಬಿಡಲಾಗದ ಖರ್ಚು 30,000. ಗುರಿ 1,80,000. ಇದನ್ನು 6,000ದಿಂದ ಭಾಗಿಸಿದರೆ 30 ತಿಂಗಳು.

ಗಂಡ ಹೆಂಡತಿ ಇಬ್ಬರಿಗೂ ಸರ್ಕಾರಿ ನೌಕರಿ ಇದ್ದರೆ ಮೂರು ತಿಂಗಳ ಖರ್ಚು ಸಾಕಾಗಬಹುದು. ಸ್ವಂತ ಕ್ಯಾಬ್ ಓಡಿಸುವವರಿಗೆ, ಗುತ್ತಿಗೆ ಕೆಲಸದವರಿಗೆ ಆರು ತಿಂಗಳೂ ಕಡಿಮೆಯೇ.

ಎರಡನೇ ಹೆಜ್ಜೆ: ವರ್ಷಕ್ಕೊಮ್ಮೆ ಬರುವ ಖರ್ಚನ್ನು ಹಿಡಿಯಿರಿ

ಹೆಚ್ಚಿನವರ ಲೆಕ್ಕ ಕೆಡುವುದು ಇಲ್ಲಿಯೇ. ತಿಂಗಳಿಗೆ 6,000 ಉಳಿಯುತ್ತದೆ ಎಂದುಕೊಂಡಿರುತ್ತಾರೆ. ಜೂನ್ ಬಂದಾಗ ಶಾಲೆಯ ಫೀಸಿಗೆ ಅದೇ ಹಣ ಹೋಗುತ್ತದೆ. ಆಮೇಲೆ ಗೌರಿ ಗಣೇಶ ಹಬ್ಬ, ಬೈಕಿನ ವಿಮೆ, ಆರೋಗ್ಯ ವಿಮೆಯ ಪ್ರೀಮಿಯಂ. ಇವು ಯಾವುವೂ ತುರ್ತಲ್ಲ, ಬರುವ ತಿಂಗಳು ಮೊದಲೇ ಗೊತ್ತಿರುತ್ತದೆ. ವರ್ಷದ ಮೊತ್ತವನ್ನು ಹನ್ನೆರಡರಿಂದ ಭಾಗಿಸಿ ತಿಂಗಳ ಖರ್ಚಿಗೇ ಸೇರಿಸಬೇಕು, ಬೇರೆ ಖಾತೆಯಲ್ಲಿಡಬೇಕು. ಮೇಲಿನ ಮನೆಯ ಲೆಕ್ಕದಲ್ಲಿ ಫೀಸು, ವಿಮೆಯನ್ನು ಹಾಗೆಯೇ ಸೇರಿಸಿದ್ದೇವೆ.

ನಿಮ್ಮ ಲೆಕ್ಕ ಸರಿಯಿದೆಯೇ ಅಂತ ನೋಡಲು ಒಂದು ಸುಲಭ ದಾರಿ ಇದೆ. ಬ್ಯಾಂಕಿನಿಂದ ಒಂದು ವರ್ಷದ ಸ್ಟೇಟ್‌ಮೆಂಟ್ ತೆಗೆಯಿರಿ. ಹೋದ ವರ್ಷ ಇದೇ ದಿನ ಇದ್ದ ಹಣಕ್ಕೂ ಇವತ್ತಿನ ಹಣಕ್ಕೂ ಎಷ್ಟು ವ್ಯತ್ಯಾಸವಿದೆ ನೋಡಿ. ಆರ್‌ಡಿ, ಚೀಟಿಗೆ ಕಟ್ಟಿದ್ದನ್ನು ಅದಕ್ಕೆ ಸೇರಿಸಿ, ಕಟ್ಟದೆ ಉಳಿದ ಕ್ರೆಡಿಟ್ ಕಾರ್ಡ್ ಬಾಕಿಯನ್ನು ಕಳೆಯಿರಿ. ಬಂದದ್ದನ್ನು ಹನ್ನೆರಡರಿಂದ ಭಾಗಿಸಿದರೆ ಸಿಗುವುದು ನಿಮ್ಮ ನಿಜವಾದ ಉಳಿತಾಯ. ಅದು 6,000 ಅಲ್ಲ, 3,500 ಅಂತ ಬಂದರೆ 30 ತಿಂಗಳ ಲೆಕ್ಕ 52 ತಿಂಗಳಿಗೆ ಹೋಗುತ್ತದೆ.

ಮೂರನೇ ಹೆಜ್ಜೆ: ಯಾವ ಖರ್ಚು ಇಳಿದರೆ ಲಾಭ ಜಾಸ್ತಿ?

ಈ ಮನೆಯವರು ಹೋಟೆಲು-ಬಟ್ಟೆಯಲ್ಲಿ 2,000 ಇಳಿಸಿದರು ಅನ್ನೋಣ. ಉಳಿತಾಯ 8,000 ಆಯಿತು. ಗುರಿ ಮಾತ್ರ 1,80,000ವೇ, ಯಾಕೆಂದರೆ ಹೋಟೆಲನ್ನು ಗುರಿಯಲ್ಲಿ ಸೇರಿಸಿಯೇ ಇರಲಿಲ್ಲ. ಆದರೂ 30 ತಿಂಗಳು 23ಕ್ಕೆ ಇಳಿಯುತ್ತದೆ.

ಅದೇ 2,000 ಬಾಡಿಗೆಯಲ್ಲಿ ಇಳಿದರೆ? ಬಿಡಲಾಗದ ಖರ್ಚು 28,000 ಆಗುತ್ತದೆ, ಗುರಿ 1,68,000. ಈಗ 21 ತಿಂಗಳು ಸಾಕು. ಇಳಿಸಿದ್ದು ಅಷ್ಟೇ ಹಣ, ಆದರೆ ಎರಡು ತಿಂಗಳು ಮೊದಲೇ ಮುಗಿಯುತ್ತದೆ. ಹಾಗಂತ ಇದಕ್ಕಾಗಿ ಮನೆ ಬದಲಿಸಿ ಎಂದು ನಾನು ಹೇಳುವುದಿಲ್ಲ. ಸಾಮಾನು ಸಾಗಿಸುವ ಖರ್ಚು, ಹೊಸ ಮನೆಯ ಅಡ್ವಾನ್ಸ್ ಸೇರಿದರೆ ಸಿಕ್ಕ ಲಾಭ ಅಲ್ಲೇ ಕರಗೀತು.

ಇದಕ್ಕಿಂತ ಸಲೀಸಾದ ದಾರಿ ಸಾಲದ ಕಂತು. ಬೈಕ್ ಸಾಲ ಇನ್ನು ಹತ್ತು ತಿಂಗಳಲ್ಲಿ ಮುಗಿಯುತ್ತದೆ ಎಂದುಕೊಳ್ಳಿ. ಅಲ್ಲಿಯತನಕ ತಿಂಗಳಿಗೆ 6,000ದಂತೆ 60,000 ಕೂಡಿರುತ್ತದೆ. ಹನ್ನೊಂದನೇ ತಿಂಗಳಿಂದ ಆ 3,500 ಉಳಿತಾಯಕ್ಕೆ ಸೇರಿ 9,500 ಆಗುತ್ತದೆ. ಬಿಡಲಾಗದ ಖರ್ಚು 26,500ಕ್ಕೆ ಇಳಿದು ಗುರಿ 1,59,000 ಆಗುತ್ತದೆ. ಬಾಕಿ ಕೂಡಿಸಬೇಕಾದದ್ದು 99,000, ಅದಕ್ಕೆ ಇನ್ನು ಹನ್ನೊಂದು ತಿಂಗಳು. ಒಟ್ಟು 21 ತಿಂಗಳಲ್ಲಿ ಕೆಲಸ ಮುಗಿಯಿತು. ಯಾವ ಖರ್ಚನ್ನೂ ಕಡಿಮೆ ಮಾಡದೆ ಒಂಬತ್ತು ತಿಂಗಳು ಉಳಿಯಿತು. ಒಂದೇ ಷರತ್ತು, ಬೈಕ್ ಸಾಲ ಮುಗಿದ ತಿಂಗಳೇ ಹೊಸ ಫೋನಿಗೆ ಕಂತು ಶುರು ಮಾಡಬಾರದು. ಮಾಡಿದರೆ ಉಳಿತಾಯವೂ ಇಳಿಯುತ್ತದೆ, ಗುರಿಯೂ ಮೇಲೇರುತ್ತದೆ.

ಬಡ್ಡಿ ಮತ್ತು ಬೆಲೆ ಏರಿಕೆ

ಎರಡು ವರ್ಷದೊಳಗಿನ ಗುರಿಗೆ ಬಡ್ಡಿಯಿಂದ ಸಿಗುವ ಸಹಾಯ ಅಷ್ಟಕ್ಕಷ್ಟೇ. ಮೇಲಿನ 21 ತಿಂಗಳ ಕಂತುಗಳಿಗೆ ಶೇ 6ರ ಬಡ್ಡಿ ಸಿಕ್ಕರೆ ಸುಮಾರು 8,000 ರೂಪಾಯಿ ಬರುತ್ತದೆ. ಅಷ್ಟರಲ್ಲಿ ಮನೆಖರ್ಚು ವರ್ಷಕ್ಕೆ ಶೇ 5ರಂತೆ ಏರಿದರೆ ಗುರಿ ಸುಮಾರು 14,000 ಮೇಲೆ ಹೋಗಿರುತ್ತದೆ. ಎರಡನ್ನೂ ಸೇರಿಸಿ ನೋಡಿದರೆ 21ರ ಬದಲು 22 ತಿಂಗಳು ಹಿಡಿಯಬಹುದು. ಇಲ್ಲಿ ಸಂಬಳವೂ ಖರ್ಚಿನ ಜೊತೆಗೇ ಏರುತ್ತದೆ ಎಂದುಕೊಂಡಿದ್ದೇವೆ. ಏರದಿದ್ದರೆ ಉಳಿತಾಯವೇ ಕರಗುತ್ತದೆ, ಆಗ ಲೆಕ್ಕವನ್ನು ಹೊಸದಾಗಿ ಹಾಕಬೇಕು. ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ ಅಂತ ಸುಮ್ನೆ ಬ್ಯಾಂಕಿನಿಂದ ಬ್ಯಾಂಕಿಗೆ ಅಲೆಯುವುದರಲ್ಲಿ ಅರ್ಥವಿಲ್ಲ.

ಹಣ ಎಲ್ಲಿಡಬೇಕು?

ಮೊದಲ 30,000, ಅಂದರೆ ಒಂದು ತಿಂಗಳ ಖರ್ಚು, ಐದು ತಿಂಗಳಲ್ಲಿ ಕೂಡುತ್ತದೆ. ಅದು ಉಳಿತಾಯ ಖಾತೆಯಲ್ಲಿಯೇ ಇರಲಿ. ರಾತ್ರೋರಾತ್ರಿ ಆಸ್ಪತ್ರೆಗೆ ಕಟ್ಟಬೇಕಾದಾಗ ಎಟಿಎಂನಿಂದಲೋ ಯುಪಿಐನಿಂದಲೋ ತೆಗೆಯಲು ಬರಬೇಕು ಅಲ್ವಾ? ಆರನೇ ತಿಂಗಳಿಂದ ಬ್ಯಾಂಕಿನಲ್ಲಿ ಒಂದು ವರ್ಷದ ಆರ್‌ಡಿ ಶುರು ಮಾಡಿ. ಸಂಬಳ ಬಂದ ಮರುದಿನವೇ ಕಂತು ತಾನಾಗಿ ಕಡಿತವಾಗುವಂತೆ ಹೇಳಿ. ಅವಧಿ ಮುಗಿದಾಗ ಆ ಹಣವನ್ನು ಎರಡು ಮೂರು ಸಣ್ಣ ಎಫ್‌ಡಿಗಳಾಗಿ ಇಡಿ. ಆಗ 20,000 ಬೇಕಾದಾಗ ಒಂದನ್ನು ಮುರಿದರೆ ಸಾಕು, ಉಳಿದವುಗಳ ಬಡ್ಡಿಗೆ ತೊಂದರೆಯಿಲ್ಲ.

ಅಂಚೆ ಕಚೇರಿಯ ಆರ್‌ಡಿ ಈ ಕೆಲಸಕ್ಕೆ ಹೊಂದುವುದಿಲ್ಲ. ಅದು 5 ವರ್ಷದ್ದು, 3 ವರ್ಷ ತುಂಬುವ ಮೊದಲು ಮುಚ್ಚಲು ಬರುವುದಿಲ್ಲ. ಒಂದು ವರ್ಷದ ಕಂತು ಕಟ್ಟಿದ ಮೇಲೆ ಖಾತೆಯಲ್ಲಿರುವ ಹಣದ ಅರ್ಧದಷ್ಟು ಸಾಲ ಸಿಗುತ್ತದೆ, ಆದರೆ ನಿಮ್ಮ ಹಣಕ್ಕೆ ನೀವೇ ಬಡ್ಡಿ ಕಟ್ಟಬೇಕು. ಈಗಾಗಲೇ ಅಲ್ಲಿ ಆರ್‌ಡಿ ಇದ್ದರೆ ನಿಲ್ಲಿಸಬೇಡಿ, ಮಗುವಿನ ಓದಿಗೆ ಅಂತ ಮುಂದುವರಿಸಿ. ಆರು ತಿಂಗಳ ಖರ್ಚಿನ ಲೆಕ್ಕದಲ್ಲಿ ಮಾತ್ರ ಅದನ್ನು ಸೇರಿಸಬೇಡಿ.