ಮೈರಾವಣ ಎಷ್ಟು ಸಲ ಬಂದ?

ಬ್ಯಾಂಕಾಕ್‌ನ ಅರಮನೆ ಆವರಣದಲ್ಲಿರುವ ವಾಟ್ ಫ್ರಾ ಕೆಯೊ ದೇವಾಲಯವನ್ನು ಸುತ್ತುವರಿದ ಮೊಗಸಾಲೆಯಲ್ಲಿ ಥಾಯ್ ರಾಮಾಯಣ 'ರಾಮಕಿಯನ್' ಕಥೆಯ 178 ಭಿತ್ತಿಚಿತ್ರಗಳಿವೆ. ರಾಮಾಯಣ ಗೊತ್ತಿರುವವನಿಗೆ ಇದೇನು ಮಹಾ ಎಂದುಕೊಂಡು ಹೋದ ನಾನು ಮೊದಲ ದಿನ ಅರ್ಧ ಗಂಟೆಯಲ್ಲೇ ದಾರಿ ತಪ್ಪಿದೆ.

ತಪ್ಪಿದ್ದಕ್ಕೆ ಎರಡು ಕಾರಣ. ಪ್ರವಾಸಿಗರು ಒಳಗೆ ಬರುವ ಬಾಗಿಲಲ್ಲಿ ಕಥೆ ಶುರುವಾಗುವುದಿಲ್ಲ. ಅದು ಶುರುವಾಗುವುದು ಉತ್ತರದಲ್ಲಿ, ವಿಹಾನ್ ಯೋಟ್ ಎಂಬ ಕಟ್ಟಡದ ಎದುರಿನ ಬಾಗಿಲ ಬಳಿ. ಜನಕ ನೆಲ ಉಳುವಾಗ ಸೀತೆ ಸಿಕ್ಕುವುದೇ ಮೊದಲ ಚಿತ್ರ. ಎರಡನೆಯ ಕಾರಣ ನನ್ನ ರೂಢಿ. ಹಂಪಿಯ ಹಜಾರರಾಮ ಗುಡಿಯ ಹೊರಗೋಡೆಯ ಶಿಲ್ಪಗಳನ್ನು ನೋಡಿ ಬೆಳೆದ ಕಣ್ಣು ನನ್ನದು. ಗುಡಿಯ ಹೊರಗೋಡೆಗೆ ಮುಖ ಮಾಡಿ ಪ್ರದಕ್ಷಿಣೆ ಬಂದರೆ ಕಥೆ ನಮ್ಮ ಬಲದಿಂದ ಎಡಕ್ಕೆ ಸಾಗುತ್ತದೆ. ಬ್ಯಾಂಕಾಕ್‌ನಲ್ಲಿಯೂ ಪ್ರದಕ್ಷಿಣೆಯೇ, ಆದರೆ ಚಿತ್ರಗಳಿರುವುದು ಸುತ್ತುಗೋಡೆಯ ಒಳಮೈಯಲ್ಲಿ. ಅದಕ್ಕೆ ಮುಖ ಮಾಡಿ ನಿಂತರೆ ದೇವಾಲಯ ಬೆನ್ನ ಹಿಂದೆ ಬೀಳುತ್ತದೆ. ಅದೇ ಪ್ರದಕ್ಷಿಣೆ ಈಗ ಎಡದಿಂದ ಬಲಕ್ಕೆ ಆಗಿಬಿಡುತ್ತದೆ. ಅಂದಿನಿಂದ ಯಾವ ಗೋಡೆಯ ಮುಂದೆ ನಿಂತರೂ ಗರ್ಭಗುಡಿ ನನ್ನ ಎದುರಿಗಿದೆಯೋ ಬೆನ್ನಿಗಿದೆಯೋ ಎಂಬುದನ್ನು ಮೊದಲು ನೋಡಿಕೊಳ್ಳುತ್ತೇನೆ.

ಮರುದಿನ ಉತ್ತರದ ಬಾಗಿಲಿನಿಂದ ಹೊರಟೆ. ಒಂದೊಂದು ಚಿತ್ರವನ್ನೂ ಅಲ್ಲಿ 'ಹೋಂಗ್', ಅಂದರೆ ಕೋಣೆ ಎನ್ನುತ್ತಾರೆ. ಮೊಗಸಾಲೆ ಸರಿಯಾದ ಚೌಕವಲ್ಲ, ಅಲ್ಲಲ್ಲಿ ಮೂಲೆ ತಿರುಗುತ್ತದೆ, ನಡುನಡುವೆ ಬಾಗಿಲುಗಳು ಬಂದು ಸಾಲು ತುಂಡಾಗುತ್ತದೆ. ಬಾಗಿಲು ದಾಟಿದ ಮೇಲೆ ಅದೇ ಸಾಲನ್ನು ಹಿಡಿದು ಮುಂದುವರಿದರೆ ಸಾಕು. ಕೋಣೆಯಿಂದ ಕೋಣೆಗೆ ಹೋಗುವುದು ಇಷ್ಟೇ.

ನಿಜವಾದ ಪೇಚು ಇರುವುದು ಕೋಣೆಯ ಒಳಗೆ. ಅಲ್ಲಿ ಎಡ-ಬಲದ ಲೆಕ್ಕ ನಡೆಯುವುದಿಲ್ಲ. ಒಂದೇ ಚಿತ್ರದಲ್ಲಿ ಒಬ್ಬನೇ ಪಾತ್ರಧಾರಿ ಎರಡು ಮೂರು ಕಡೆ ನಿಂತಿರುತ್ತಾನೆ. ಒಂದೊಂದು ನಿಲುವೂ ಬೇರೆ ಬೇರೆ ಗಳಿಗೆಯದು. ಅವುಗಳ ನಡುವಿನ ಗಡಿ ಎಂದರೆ ಕೋಟೆಗೋಡೆ, ಬಂಡೆ, ಮರಗಳ ಸಾಲು, ಕೆಲವೊಮ್ಮೆ ಮಿಂಚಿನಂತೆ ಅಂಕುಡೊಂಕಾದ ಪಟ್ಟಿ.

ನಾನು ಪಟ್ಟು ಹಿಡಿದು ಕೂತದ್ದು ಮೈರಾವಣನ ಪ್ರಸಂಗದ ಮುಂದೆ. ಯಕ್ಷಗಾನದಲ್ಲಿ 'ಮೈರಾವಣ ಕಾಳಗ' ನೋಡಿದವರಿಗೆ ಹನುಮಂತ ಬಾಲದಿಂದ ಕಟ್ಟಿದ ಕೋಟೆ ನೆನಪಿರುತ್ತದೆ. ಇಲ್ಲಿ ಬಾಲವಲ್ಲ, ಬಾಯಿ. ಬೆಟ್ಟದಷ್ಟು ಬೆಳೆದ ಬಿಳಿಯ ಹನುಮಂತ ರಾಮನ ಮಂಟಪವನ್ನೇ ಬಾಯಲ್ಲಿ ಕಚ್ಚಿಕೊಂಡಿದ್ದಾನೆ, ಆ ಮಂಟಪ ಅವನ ಹಲ್ಲುಗಳ ನಡುವೆ ಗೊಂಬೆಮನೆಯಷ್ಟೇ ಕಾಣುತ್ತದೆ. ಕಣ್ಣು ನೇರ ಅಲ್ಲಿಗೇ ಹೋಗುತ್ತದೆ, ಇದೇ ಮುಖ್ಯ ಘಟನೆ ಎನಿಸುತ್ತದೆ. ಹಾಗೆಂದುಕೊಂಡರೆ ಕೆಟ್ಟೆವು. ಅದು ಕಾವಲಿನ ಸಿದ್ಧತೆ ಮಾತ್ರ.

ಹಾಗಾಗಿ ದೊಡ್ಡವನನ್ನು ಬಿಟ್ಟು ಚಿಕ್ಕವನ ಬೆನ್ನು ಹತ್ತಿದೆ. ನೋಟ್‌ಪುಸ್ತಕದಲ್ಲಿ ಚಿತ್ರದ ಚೌಕಟ್ಟು ಗೀಚಿ, ಮೈರಾವಣ (ಅವರ ಬಾಯಲ್ಲಿ ಮೈಯರಾಪ್) ಕಂಡಲ್ಲೆಲ್ಲ ಒಂದು ಚುಕ್ಕೆ ಇಟ್ಟೆ. ಆಮೇಲೆ ಪ್ರತಿ ಚುಕ್ಕೆಯಲ್ಲೂ ಒಂದೇ ಪ್ರಶ್ನೆ: ಅವನ ಕೈಯಲ್ಲಿ ಏನಿದೆ? ಕೊಳವೆ ಹಿಡಿದವನು ನಿದ್ದೆಪುಡಿ ಊದುತ್ತಿದ್ದಾನೆ, ರಾಮನನ್ನು ಹೊತ್ತವನು ಪಾತಾಳಕ್ಕೆ ಹೊರಟಿದ್ದಾನೆ. ಊದದೆ ಹೊರುವಂತಿಲ್ಲ. ಇವೆರಡು ಗೋಡೆಯ ಮೇಲೆ ಎಲ್ಲೇ ಇರಲಿ, ಕ್ರಮ ತಾನಾಗಿ ಕೂತುಕೊಳ್ಳುತ್ತದೆ.

ಗುರುತು ಹಿಡಿಯಲು ಬಣ್ಣ ನೆರವಾಗುತ್ತದೆ: ಹನುಮಂತ ಬಿಳಿ, ಲಕ್ಷ್ಮಣ ಹೊಂಬಣ್ಣ, ಸುಗ್ರೀವ ಕೆಂಪು. ಬಣ್ಣವನ್ನೇ ನಂಬಿ ನಾನು ಒಮ್ಮೆ ಏಮಾರಿದ್ದೂ ಉಂಟು, ಏಕೆಂದರೆ ರಾಮನೂ ಹಸಿರು, ರಾವಣನೂ ಹಸಿರು. ಮೈಬಣ್ಣ ಬಿಟ್ಟು ಮುಖ ನೋಡಬೇಕು. ರಾಮನದು ಶಾಂತವಾದ ಮನುಷ್ಯಮುಖ. ರಾವಣನಿಗೆ ಕೋರೆಹಲ್ಲು, ಉಬ್ಬಿದ ಕಣ್ಣು, ಕಿರೀಟದಲ್ಲಿ ಅಟ್ಟ ಕಟ್ಟಿದಂತೆ ಪುಟ್ಟ ಮುಖಗಳು.

ಈ ಲೆಕ್ಕ ಎಲ್ಲ ಕಡೆಯೂ ನಿಲ್ಲುವುದಿಲ್ಲ. ಈ ಚಿತ್ರಗಳು ಹಲವು ಸಲ ಮರುಬಣ್ಣ ಕಂಡಿವೆ, ಬೆಟ್ಟ ಕಾಡುಗಳಲ್ಲಿ ಪಾಶ್ಚಾತ್ಯ ಶೈಲಿಯ ದೂರ-ಹತ್ತಿರಗಳೂ ಸೇರಿಕೊಂಡಿವೆ. ಮೇಲ್ಗಡೆ ಪುಟ್ಟದಾಗಿ ಕಾಣುವ ಸೈನ್ಯ ಬೇರೆ ಹೊತ್ತಿನದಾಗಿರಬಹುದು, ಇದೇ ಹೊತ್ತಿನಲ್ಲಿ ದೂರದಲ್ಲಿರುವುದೂ ಆಗಿರಬಹುದು. ಅದರಲ್ಲಿ ನಾವು ಬೆನ್ನು ಹತ್ತಿದ ಪಾತ್ರ ಮತ್ತೆ ಸಿಕ್ಕರೆ ಬೇರೆ ಹೊತ್ತು ಎಂದು ಬರೆದುಕೊಳ್ಳುತ್ತೇನೆ. ಸಿಗದಿದ್ದರೆ ಪ್ರಶ್ನಾರ್ಥಕ ಚಿಹ್ನೆ.

ಪಾತಾಳದ ದಾರಿಯಲ್ಲಿ ಹನುಮಂತನನ್ನು ತಡೆಯುವವನು ಮೀನಿನ ಬಾಲದ ಮರಿಕೋತಿ ಮಚ್ಚಾನು, ಹನುಮಂತನದೇ ಮಗ. ಅವನ ತಾಯಿ ಯಾರೆಂದು ತಿಳಿಯಬೇಕಾದರೆ ಸೇತುವೆ ಕಟ್ಟುವ ಚಿತ್ರಗಳಿಗೆ, ರಾವಣನ ಮತ್ಸ್ಯಕನ್ಯೆ ಮಗಳು ಸುಪನ್ನಮಚ್ಚಾಳ ಬಳಿಗೆ ಮರಳಬೇಕು. ಗುಂಪಿಗೆ ಎದುರಾಗಿ ಅಪ್ರದಕ್ಷಿಣೆಯಾಗಿ ನಡೆದು ನೋಡಿ ಬಂದೆ. ಬಾಗಿಲು ಮುಚ್ಚುವ ಹೊತ್ತಿಗೆ, ಮೈರಾವಣನ ಜೀವ ಅಡಗಿದ್ದ ದುಂಬಿ ಎಲ್ಲಿದೆ ಎಂದು ನಾನಿನ್ನೂ ಹುಡುಕುತ್ತಿದ್ದೆ.