ಬೀದರದಿಂದ ಹೊರಟ ಎರಡು ಲಾರಿ ಮತ್ತು ಗ್ರೂಪ್ ಲೆಕ್ಕದಲ್ಲಿ ಕಾಣದ 32 ಲಕ್ಷ

ಗ್ರೂಪ್ ಆಡಿಟ್‌ನಲ್ಲಿ ತಿದ್ದದೆ ಉಳಿದ ತಪ್ಪುಗಳನ್ನು ಕೂಡಿಸುವ ಕೆಲಸ ಹೊರಗಿನಿಂದ ಬರೀ ಕೂಡುವ ಕಳೆಯುವ ಲೆಕ್ಕದ ಹಾಗೆ ಕಾಣುತ್ತದೆ. ಬೇರೆ ಬೇರೆ ಆಡಿಟರುಗಳ ಪಟ್ಟಿಗಳನ್ನು ಒಂದು ಎಕ್ಸೆಲ್ ಹಾಳೆಯಲ್ಲಿ ಅಂಟಿಸಿ ಕೆಳಗೆ ಮೊತ್ತ ಹಾಕಿದರೆ ಸಿಗುವ ಸಂಖ್ಯೆ ಬಹಳ ಸಲ ಸುಳ್ಳಾಗಿರುತ್ತದೆ. ಯಾಕೆ ಎಂದು ಹೇಳಲು 2023-24ರ ಒಂದು ಲೆಕ್ಕವನ್ನು ತೆಗೆದುಕೊಂಡಿದ್ದೇನೆ. ಗುರುತು ಸಿಗದಂತೆ ಅಂಕಿಗಳನ್ನು ಬದಲಿಸಿ ದುಂಡಗೆ ಮಾಡಿದ್ದೇನೆ.

ಕಲಬುರಗಿಯಲ್ಲಿ ತೊಗರಿ ಬೇಳೆ ಮಿಲ್ ನಡೆಸುವ ಕಂಪನಿ ಇಲ್ಲಿ ಹೋಲ್ಡಿಂಗ್ ಕಂಪನಿ. ಅದರ ಕೆಳಗೆ ಮೂರು ಸಬ್ಸಿಡಿಯರಿಗಳಿವೆ. ಯಾದಗಿರಿಯಲ್ಲಿ ಹತ್ತಿ ಜಿನ್ನಿಂಗ್, ಪೂರಾ ಸ್ವಂತದ್ದು. ಬೀದರದಲ್ಲಿ ತೊಗರಿ ಖರೀದಿ ಮಾಡಿ, ಸ್ವಚ್ಛಗೊಳಿಸಿ ಕಲಬುರಗಿಗೆ ಮಾರುವ ಕಂಪನಿ, ಶೇ. 70 ಪಾಲು. ಇನ್ನೊಂದು ಲಾರಿಗಳ ಸಣ್ಣ ಕಂಪನಿ. ಹೋಲ್ಡಿಂಗ್ ಮತ್ತು ಗ್ರೂಪ್ ಆಡಿಟ್ ನಮ್ಮದು, ಉಳಿದ ಮೂರಕ್ಕೂ ಬೇರೆ ಬೇರೆ ಸಿಎಗಳು.

ಗ್ರೂಪಿನ ತೆರಿಗೆಗೆ ಮೊದಲಿನ ಲಾಭ ₹8.8 ಕೋಟಿ. ಅದರ ಶೇ. 5 ಹಿಡಿದು ಗ್ರೂಪ್ ಮಟೀರಿಯಾಲಿಟಿ, ಅಂದರೆ ಲೆಕ್ಕ ಓದುವವರ ತೀರ್ಮಾನವನ್ನು ಬದಲಿಸಬಲ್ಲ ತಪ್ಪಿನ ಮಿತಿ, 44 ಲಕ್ಷ ಇಟ್ಟೆ. ಕೆಲಸಕ್ಕೆ ಬಳಸುವ ಮಿತಿ, ಅಂದರೆ ಪರ್ಫಾರ್ಮೆನ್ಸ್ ಮಟೀರಿಯಾಲಿಟಿ, ಅದರ ಮುಕ್ಕಾಲು ಪಾಲು: 33 ಲಕ್ಷ. ಈ 33 ಲಕ್ಷವನ್ನೇ ಎಲ್ಲ ಘಟಕಗಳಿಗೂ ಕೊಡುವಂತಿಲ್ಲ. ಪ್ರತಿಯೊಬ್ಬರೂ 30 ಲಕ್ಷದ ತಪ್ಪನ್ನು 'ನಮ್ಮ ಮಿತಿಯೊಳಗಿದೆ' ಎಂದು ಬಿಟ್ಟರೆ ಒಟ್ಟು ಲೆಕ್ಕ 44 ಲಕ್ಷವನ್ನು ದಾಟಿ ಎಲ್ಲಿಗೋ ಹೋಗುತ್ತದೆ. ಹಾಗಾಗಿ ಕಲಬುರಗಿಗೆ 26, ಯಾದಗಿರಿಗೆ 22, ಬೀದರಕ್ಕೆ 14 ಲಕ್ಷ. ಇವು ಕೂಡಿದರೆ 33ಕ್ಕಿಂತ ಜಾಸ್ತಿಯಾಗುತ್ತವೆ. ಎಲ್ಲ ಘಟಕಗಳಲ್ಲೂ ಒಂದೇ ದಿಕ್ಕಿನಲ್ಲಿ, ಮಿತಿಯ ತುದಿಯವರೆಗೆ ತಪ್ಪು ಆಗುವುದಿಲ್ಲ ಎಂಬ ಲೆಕ್ಕಾಚಾರ ಅದು. ಒಂದೊಂದೂ 33ಕ್ಕಿಂತ ಕೆಳಗಿರಲೇಬೇಕು.

ಯಾದಗಿರಿಯ ಆಡಿಟರು ತಮ್ಮ ಶಾಸನಬದ್ಧ ಆಡಿಟ್‌ಗೆ ₹96 ಕೋಟಿ ವಹಿವಾಟಿನ ಅರ್ಧ ಪರ್ಸೆಂಟ್ ಹಿಡಿದಿದ್ದರು. ಜಿನ್ನಿಂಗ್‌ನಲ್ಲಿ ಲಾಭ ವರ್ಷದಿಂದ ವರ್ಷಕ್ಕೆ ಏರಿಳಿಯುವುದರಿಂದ ವಹಿವಾಟನ್ನು ಆಧಾರ ಮಾಡಿಕೊಳ್ಳುವುದು ತಪ್ಪೇನಲ್ಲ. ಆದರೆ ಹಾಗೆ ಬಂದದ್ದು 48 ಲಕ್ಷ, ಇಡೀ ಗ್ರೂಪಿನ ಮಿತಿಗಿಂತ ದೊಡ್ಡದು. ಅದಕ್ಕೇ ಘಟಕಗಳ ಆಡಿಟರುಗಳಿಗೆ ಕಳಿಸುವ ಸೂಚನಾ ಪತ್ರದಲ್ಲಿ 'ನಿಮ್ಮ ಮಟೀರಿಯಾಲಿಟಿ ತಿಳಿಸಿ' ಎಂದು ಕೇಳಿ ಸುಮ್ಮನಾಗುವುದಿಲ್ಲ. 'ಗ್ರೂಪಿನ ಉದ್ದೇಶಕ್ಕೆ ಮಿತಿ 22 ಲಕ್ಷ, ಅದಕ್ಕಿಂತ ಹೆಚ್ಚಿನದನ್ನು ಬಳಸಬಾರದು' ಎಂದೇ ಬರೆಯುತ್ತೇನೆ.

ಯಾವ ಘಟಕದಲ್ಲಿ ಎಷ್ಟು ಕೆಲಸ ಎಂದು ವಹಿವಾಟು ನೋಡಿ ತೀರ್ಮಾನಿಸಿದ್ದರೆ ಲಾರಿ ಕಂಪನಿ ಹೊರಗೆ ಉಳಿಯುತ್ತಿತ್ತು, ಅದರ ಗಾತ್ರ ಅಷ್ಟು ಚಿಕ್ಕದು. ಆದರೆ ಬೀದರ-ಕಲಬುರಗಿ ನಡುವಿನ ಮಾಲೆಲ್ಲ ಆ ಲಾರಿಗಳಲ್ಲೇ ಓಡಾಡುತ್ತದೆ. ತೊಗರಿ ರಾಶಿ ಡಿಸೆಂಬರಿನಿಂದ ಫೆಬ್ರವರಿವರೆಗೆ, ಅಂದಮೇಲೆ ಮಾರ್ಚ್ ಕೊನೆಗೆ ಗೋದಾಮುಗಳು ತುಂಬಿರುತ್ತವೆ, ಲಾರಿಗಳು ರಸ್ತೆಯಲ್ಲಿರುತ್ತವೆ. ಹೀಗಾಗಿ ಲಾರಿ ಕಂಪನಿಯಲ್ಲಿ ಪೂರಾ ಆಡಿಟ್ ಬೇಡ, ಮಾರ್ಚ್ 25ರಿಂದ ಏಪ್ರಿಲ್ 5ರವರೆಗಿನ ಲಾರಿ ರಸೀದಿಗಳ ಪರೀಕ್ಷೆ ಮಾತ್ರ ಸಾಕು ಎಂದು ಬರೆದುಕೊಟ್ಟೆ. ಬಿಡಿ ತೊಗರಿಗೆ ಜಿಎಸ್‌ಟಿ ಇಲ್ಲದ್ದರಿಂದ ಇ-ವೇ ಬಿಲ್ಲನ್ನು ನಂಬಿ ಕೂರುವಂತಿಲ್ಲ. ಲಾರಿ ರಸೀದಿ ಮತ್ತು ವೇಬ್ರಿಜ್ಜಿನ ತೂಕದ ಚೀಟಿಯೇ ಸಾಕ್ಷಿ.

ಸೂಚನಾ ಪತ್ರದಲ್ಲಿ ಜಗಳ ಹುಟ್ಟುವುದು ತಪ್ಪುಗಳ ಪಟ್ಟಿಯ ನಮೂನೆಯ ಬಗ್ಗೆ. ನಾನು ಕೇಳುವುದು ಇಷ್ಟು: ₹2 ಲಕ್ಷ ದಾಟಿದ ಪ್ರತಿ ತಪ್ಪೂ ಬೇರೆ ಸಾಲಿನಲ್ಲಿರಬೇಕು, ಒಂದರಲ್ಲೊಂದು ವಜಾ ಮಾಡಿದ ನಿವ್ವಳ ಮೊತ್ತ ಬೇಡ. ಡೆಬಿಟ್, ಕ್ರೆಡಿಟ್ ಯಾವ ಖಾತೆಗೆ ಎಂದು ಬರೆಯಬೇಕು. ಮೊತ್ತ ತೆರಿಗೆಗೆ ಮೊದಲಿನದ್ದಾಗಿರಬೇಕು. ಒಬ್ಬರು ತೆರಿಗೆ ಕಳೆದು, ಇನ್ನೊಬ್ಬರು ಕಳೆಯದೆ ಕಳಿಸಿದರೆ ಕೂಡಿಸಿದ ಮೊತ್ತಕ್ಕೆ ಅರ್ಥವೇ ಇಲ್ಲ. ತಪ್ಪು ಖಚಿತವಾದದ್ದೋ, ಅಂದಾಜಿನ ಬಗೆಗಿನ ಭಿನ್ನಾಭಿಪ್ರಾಯವೋ, ಸ್ಯಾಂಪಲ್‌ನಿಂದ ಹಿಗ್ಗಿಸಿದ್ದೋ ಎಂದು ಗುರುತಿಸಬೇಕು. ಹಿಂದಿನ ವರ್ಷ ತಿದ್ದದೆ ಬಿಟ್ಟದ್ದರ ಪರಿಣಾಮಕ್ಕೆ ಬೇರೆ ಕಾಲಂ. ಮತ್ತು ಈ ಪಟ್ಟಿ ಘಟಕದ ಲೆಕ್ಕಕ್ಕೆ ಸಹಿ ಬೀಳುವ ಎರಡು ವಾರ ಮುಂಚೆಯೇ ಕೈಗೆ ಬರಬೇಕು. ಸಹಿಯಾದ ಮೇಲೆ ಬಂದ ಪಟ್ಟಿಯಿಂದ ಏನನ್ನೂ ತಿದ್ದಿಸಲು ಆಗುವುದಿಲ್ಲ.

ಇಷ್ಟು ಬರೆದರೂ ಯಾದಗಿರಿಯಿಂದ ಬಂದದ್ದು ಒಂದೇ ಸಾಲು: 'ನಿವ್ವಳ 12.1 ಲಕ್ಷ, ನಮ್ಮ ಮಿತಿಯೊಳಗೆ.' ಬೀದರದಿಂದ 'ಏನೂ ಇಲ್ಲ.' ಎರಡನ್ನೂ ವಾಪಸ್ ಕಳಿಸಿದೆ. ಬಿಡಿಸಿದಾಗ ಯಾದಗಿರಿಯದು ಹೀಗಿತ್ತು: ಹತ್ತಿ ಬೇಲುಗಳನ್ನು ಮಾರುಕಟ್ಟೆ ದರಕ್ಕಿಂತ ಮೇಲೆ ಹಿಡಿದದ್ದು 11 ಲಕ್ಷ (ಖಚಿತವಾದದ್ದು 4.5, ಸ್ಯಾಂಪಲ್‌ನಿಂದ ಹಿಗ್ಗಿಸಿದ್ದು 6.5), ಹಳೆ ಬಾಕಿದಾರನಿಗೆ ಕಡಿಮೆ ಪ್ರಾವಿಜನ್ 5.2, ಬೋನಸ್ಸಿಗೆ ಹೆಚ್ಚು ಪ್ರಾವಿಜನ್ 4.1. ಮೊದಲೆರಡು ಲಾಭವನ್ನು ಉಬ್ಬಿಸುತ್ತವೆ, ಕೊನೆಯದು ತಗ್ಗಿಸುತ್ತದೆ. ಬೀದರದವರು ತಮ್ಮದೇ ಆದ 5 ಲಕ್ಷದ ಮಿತಿ ಇಟ್ಟುಕೊಂಡಿದ್ದರು. 2 ಲಕ್ಷಕ್ಕೆ ಇಳಿಸಿದಾಗ ಬರೆಯದೆ ಬಿಟ್ಟ ಗೋದಾಮಿನ ಬಾಡಿಗೆ 3.2, ಕಡಿಮೆ ಹಿಡಿದ ಸವಕಳಿ 2.6 ಹೊರಬಂದವು. ಕಲಬುರಗಿಯಲ್ಲಿ ನಮಗೇ ಸಿಕ್ಕದ್ದು ಮಾರ್ಚ್ ತಿಂಗಳ ಜೆಸ್ಕಾಂ ವಿದ್ಯುತ್ ಬಿಲ್ಲು, ಏಪ್ರಿಲಿನಲ್ಲಿ ಬಂದದ್ದರಿಂದ ಬರೆಯದೆ ಬಿಟ್ಟದ್ದು: 6.4 ಲಕ್ಷ.

ಇನ್ನು ಯಾವ ಘಟಕದ ಆಡಿಟರೂ ಕಳಿಸಲಾರದ ತಪ್ಪುಗಳು. ಅವು ಯಾರೊಬ್ಬರ ಪುಸ್ತಕದಲ್ಲೂ ಇರುವುದಿಲ್ಲ, ಎಲ್ಲ ಕಂಪನಿಗಳ ಲೆಕ್ಕವನ್ನು ಒಂದಾಗಿಸುವ ಕನ್ಸಾಲಿಡೇಶನ್ ಹಾಳೆಯಲ್ಲಿ ಹುಟ್ಟುತ್ತವೆ.

ಮೊದಲನೆಯದು, ಸ್ಟಾಕಿನೊಳಗೆ ಕೂತ ಲಾಭ. ಬೀದರ ಕಂಪನಿ ತನ್ನ ಮಾರಾಟ ಬೆಲೆಯಲ್ಲಿ ಶೇ. 5 ಲಾಭ ಇಡುತ್ತದೆ. ಆ ಮಾಲು ಕಲಬುರಗಿ ಗೋದಾಮಿನಲ್ಲೇ ಉಳಿದರೆ ಆ ಲಾಭವನ್ನು ಗ್ರೂಪ್ ಲೆಕ್ಕದಿಂದ ತೆಗೆಯಬೇಕು. ಕಂಪನಿಯವರು ₹1.8 ಕೋಟಿಯ ತೊಗರಿ ಕಾಳಿನ ಮೇಲೆ 9 ಲಕ್ಷ ತೆಗೆದಿದ್ದರು. ಆದರೆ ಬೀದರದಿಂದ ಬಂದ ಇನ್ನೂ ₹80 ಲಕ್ಷದ ತೊಗರಿ ಅಷ್ಟೊತ್ತಿಗೆ ಬೇಳೆಯಾಗಿ ಚೀಲ ಸೇರಿತ್ತು. ಸ್ಟಾಕ್ ಪಟ್ಟಿಯಲ್ಲಿ ಅದು 'ಸ್ವಂತ ಉತ್ಪಾದನೆ' ಎಂದಿರುವುದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಕಾಳು ಬೇಳೆಯಾದರೆ ಬೀದರದ ಲಾಭ ಹೊಟ್ಟಿನ ಜೊತೆ ಹಾರಿಹೋಗುವುದಿಲ್ಲವಲ್ಲ. ಇನ್ನೂ 4 ಲಕ್ಷ ತೆಗೆಯಬೇಕಿತ್ತು.

ಎರಡನೆಯದು ಲಾರಿಗಳದು. 2024ರ ಮಾರ್ಚ್ 31 ಭಾನುವಾರ. ಶನಿವಾರ ಸಂಜೆ ಬೀದರದಿಂದ ಎರಡು ಲಾರಿ ಹೊರಟವು, ತಲಾ 170 ಕ್ವಿಂಟಲ್, ಕ್ವಿಂಟಲಿಗೆ 10 ಸಾವಿರ, ಒಟ್ಟು 34 ಲಕ್ಷ. ಕಲಬುರಗಿಯಲ್ಲಿ ಇಳಿದದ್ದು ಸೋಮವಾರ, ಏಪ್ರಿಲ್ 1ಕ್ಕೆ. ಬೀದರದಲ್ಲಿ ಶನಿವಾರದ ತಾರೀಖಿಗೆ ಮಾರಾಟ ಬರೆದಿದ್ದಾರೆ. ಎರಡು ಕಂಪನಿಗಳ ಕರಾರಿನಂತೆ ಲಾರಿ ತುಂಬಿದ ಕ್ಷಣದಿಂದ ಮಾಲು ಕಲಬುರಗಿಯದು, ಹಾಗಾಗಿ ಬೀದರದ ಲೆಕ್ಕ ಸರಿ. ಕಲಬುರಗಿಯ ಅಕೌಂಟೆಂಟ್ ವಾದ ಇಷ್ಟೇ: "ಮಾಲು ಬಂದೇ ಇಲ್ಲರೀ ಸರ್, ಹ್ಯಾಂಗ ಬರ್ಕೋಬೇಕ್ರೀ?"

ಕಲಬುರಗಿ ಕಂಪನಿಯ ಮಟ್ಟಿಗೆ ಇದು ಹೆದರಿಸುವ ತಪ್ಪಲ್ಲ. ದಾರಿಯಲ್ಲಿರುವ ಸ್ಟಾಕ್ 34 ಲಕ್ಷ ಕಡಿಮೆ, ಕೊಡಬೇಕಾದ ಬಾಕಿ 34 ಲಕ್ಷ ಕಡಿಮೆ, ಲಾಭದ ಮೇಲೆ ಸೊನ್ನೆ. 'ಬರೀ ಬ್ಯಾಲೆನ್ಸ್ ಶೀಟಿನದು' ಎಂದು ಬಿಡುವ ಆಸೆ ಆಗುತ್ತದೆ. ಕನ್ಸಾಲಿಡೇಶನ್ ಹಾಳೆಗೆ ಬನ್ನಿ. ಬೀದರದ ಪ್ರಕಾರ ಕಲಬುರಗಿಯಿಂದ ಬರಬೇಕಾದ್ದು 412 ಲಕ್ಷ, ಕಲಬುರಗಿಯ ಪ್ರಕಾರ ಕೊಡಬೇಕಾದ್ದು 378. ಕಂಪನಿಯವರು ಮಾರಾಟದಿಂದ ಬೀದರದ ಅಂಕಿಯನ್ನೂ ಖರೀದಿಯಿಂದ ಕಲಬುರಗಿಯ ಅಂಕಿಯನ್ನೂ ಕಳೆದರು. ಅಲ್ಲೂ 34ರ ವ್ಯತ್ಯಾಸ ಉಳಿಯಿತು. ಎರಡೂ ಕಡೆ ವ್ಯತ್ಯಾಸ ಒಂದೇ ಆದ್ದರಿಂದ ಹಾಳೆ ತಾಳೆಯಾಯಿತು, ಯಾರೂ ತಿರುಗಿ ನೋಡಲಿಲ್ಲ. ಆದರೆ ಏನಾಯಿತು? ಮಾರಾಟ ಹೋಯಿತು, ಬೀದರದವರು ರೈತರಿಗೆ ಕೊಟ್ಟ 32.3 ಲಕ್ಷ ಖರ್ಚಾಗಿ ಉಳಿಯಿತು, ತೊಗರಿ ಮಾತ್ರ ಯಾರ ಸ್ಟಾಕಿನಲ್ಲೂ ಇಲ್ಲ. ಗ್ರೂಪಿನ ಲಾಭ 32.3 ಲಕ್ಷ ಕಡಿಮೆಯಾಯಿತು. ಒಂದು ಕಂಪನಿಯಲ್ಲಿ ಲಾಭಕ್ಕೆ ಸೊನ್ನೆಯಾಗಿದ್ದ ತಪ್ಪು ಗ್ರೂಪಿನಲ್ಲಿ 33 ಲಕ್ಷದ ಮಿತಿಯ ಅಂಚಿಗೆ ಬಂದು ನಿಂತಿತು.

ಇನ್ನು ಕೂಡಿಸೋಣ. ಲಾಭ ಉಬ್ಬಿಸಿದ್ದು ಕೂಡು, ತಗ್ಗಿಸಿದ್ದು ಕಳೆ, ಎಲ್ಲ ಲಕ್ಷಗಳಲ್ಲಿ:

```
ಕಲಬುರಗಿ  ವಿದ್ಯುತ್           +6.4
ಯಾದಗಿರಿ  11.0 + 5.2 - 4.1   +12.1
ಬೀದರ    3.2 + 2.6           +5.8
ಕನ್ಸಾಲಿಡೇಶನ್  ಬೇಳೆಯ ಲಾಭ     +4.0
                           ------
                           +28.3
ಕನ್ಸಾಲಿಡೇಶನ್  ಲಾರಿ          -32.3
                           ------
ನಿವ್ವಳ                       -4.0
```

ಕೆಳಗಿನ ಸಾಲನ್ನಷ್ಟೇ ನೋಡಿದರೆ 44 ಲಕ್ಷದ ಮಿತಿಗೆ 4 ಲಕ್ಷದ ತಪ್ಪು, ಸಹಿ ಹಾಕಿ ಮನೆಗೆ ಹೋಗಬಹುದು. ಆದರೆ ಒಂದಕ್ಕೊಂದು ಸಂಬಂಧವೇ ಇಲ್ಲದ ತಪ್ಪುಗಳು ಇಲ್ಲಿ ಪರಸ್ಪರ ಮುಚ್ಚಿಕೊಂಡಿವೆ. ಸ್ಟಾಕ್ 32.3 ಕಡಿಮೆ ಇರುವುದು ಹತ್ತಿ ಬೇಲು 11 ಹೆಚ್ಚಿರುವುದನ್ನು ಸರಿಮಾಡುವುದಿಲ್ಲ. ಆಡಿಟಿಂಗ್ ಮಾನದಂಡ ಎಸ್ಎ 450 ಪ್ರಕಾರ ಪ್ರತಿ ತಪ್ಪನ್ನೂ ಮೊದಲು ಒಂಟಿಯಾಗಿ ನೋಡಬೇಕು, ಆಮೇಲೆ ಒಟ್ಟಾಗಿ.

ಲಾರಿಯ ತಪ್ಪನ್ನು ತೋರಿಸಿದ ಕೂಡಲೇ ಕಂಪನಿ ತಿದ್ದಿತು. ಲಾಭ ಏರುತ್ತದೆ, ಬ್ಯಾಂಕಿಗೆ ತೋರಿಸಲು ಚೆನ್ನಾಗಿರುತ್ತದೆ. ಉಳಿದ 28.3 ಮಾತ್ರ 'ಮಿತಿಯೊಳಗಿದೆಯಲ್ಲ' ಎಂದು ಬಿಡಲು ಕೇಳಿದರು. ಲಾಭ ಹೆಚ್ಚಿಸುವುದನ್ನು ತಿದ್ದಿ, ಕಡಿಮೆ ಮಾಡುವುದನ್ನು ಬಿಡುವುದು ಒಂದು ಪಕ್ಷಪಾತದ ಸುಳಿವು. ಮೊತ್ತ ಮಿತಿಯೊಳಗಿದ್ದರೂ ಅದನ್ನು ವರ್ಕಿಂಗ್ ಪೇಪರಿನಲ್ಲಿ ಬರೆಯಬೇಕು, ನಿರ್ದೇಶಕರಿಗೆ ಹೇಳಬೇಕು. ಖಚಿತವಾದವುಗಳಿಗೆ ವಾದವಿಲ್ಲ ಎಂದು ಪಟ್ಟು ಹಿಡಿದ ಮೇಲೆ ವಿದ್ಯುತ್ 6.4, ಬೇಲಿನ 4.5, ಬಾಡಿಗೆ 3.2, ಬೇಳೆಯ 4 ತಿದ್ದಿಸಿಕೊಂಡೆವು. ಯಾದಗಿರಿ, ಬೀದರದ ಪುಸ್ತಕಗಳು ಇನ್ನೂ ತೆರೆದಿದ್ದವು. ಎರಡು ವಾರದ ಷರತ್ತು ದುಡ್ಡು ದುಡಿದದ್ದು ಇಲ್ಲಿ.

ಉಳಿದದ್ದು 10.2: ಹಿಗ್ಗಿಸಿದ 6.5, ಬಾಕಿದಾರ 5.2, ಸವಕಳಿ 2.6, ಕಳೆ ಬೋನಸ್ 4.1. ಇಷ್ಟಕ್ಕೇ ನಿಲ್ಲುವಂತಿಲ್ಲ. ಹಿಂದಿನ ವರ್ಷವೂ ಮಾರ್ಚ್ ಜೆಸ್ಕಾಂ ಬಿಲ್ಲು 5.1 ಲಕ್ಷ ಬರೆಯದೆ ಬಿಟ್ಟಿದ್ದರು, ಅದು ಈ ವರ್ಷದ ಖರ್ಚಿಗೆ ಬಂದು ಬಿದ್ದಿದೆ. ಈ ವರ್ಷದ ಬಿಲ್ಲನ್ನೂ ತಿದ್ದಿಸಿದ್ದರಿಂದ ಹದಿಮೂರು ತಿಂಗಳ ವಿದ್ಯುತ್ ಒಂದೇ ವರ್ಷದಲ್ಲಿ ಕೂತಿತು. ಹೀಗಾಗಿ ಬ್ಯಾಲೆನ್ಸ್ ಶೀಟಿನ ಮಟ್ಟಿಗೆ ತಪ್ಪು 10.2, ವರ್ಷದ ಲಾಭದ ಮಟ್ಟಿಗೆ 5.1. ಎರಡೂ ಅಂಕಿಗಳನ್ನು ಬರೆದಿಟ್ಟೆ, ಎರಡೂ ಮಿತಿಗಿಂತ ಬಹಳ ಕೆಳಗೆ. ಬೀದರದ ಸವಕಳಿಯಲ್ಲಿ ಶೇ. 30 ಮೈನಾರಿಟಿ ಷೇರುದಾರರ ಪಾಲು ಎಂಬುದನ್ನು ಪಕ್ಕದ ಕಾಲಂನಲ್ಲಿ ತೋರಿಸಿದೆ, ಮೇಲಿನ ಮೊತ್ತದಿಂದ ಕಳೆಯಲಿಲ್ಲ. ಮಿತಿಯನ್ನು ಇಟ್ಟದ್ದು ಇಡೀ ಗ್ರೂಪಿನ ಲಾಭದ ಮೇಲೆ, ಹೋಲಿಕೆಯೂ ಅದಕ್ಕೇ.

ಈ ನಾಲ್ಕು ಸಾಲಿನ ಪಟ್ಟಿಯನ್ನು ಮ್ಯಾನೇಜ್‌ಮೆಂಟಿನ ರೆಪ್ರೆಸೆಂಟೇಶನ್ ಪತ್ರಕ್ಕೆ ಲಗತ್ತಿಸಿ, 'ಇವು ಒಂಟಿಯಾಗಿಯೂ ಒಟ್ಟಾಗಿಯೂ ಗಣನೀಯವಲ್ಲ' ಎಂದು ಅವರಿಂದಲೇ ಬರೆಸಿಕೊಂಡೆವು. ಅದರ ಒಂದು ಪ್ರತಿ 2024-25ರ ಫೈಲಿಗೆ ಹೋಯಿತು, ಜೊತೆಗೆ ಮಾರ್ಚ್ ಕೊನೆಯ ವಾರದ ಲಾರಿ ರಸೀದಿಗಳ ಪಟ್ಟಿಯ ಖಾಲಿ ನಮೂನೆ.